ಕೆಂಪು ಎಲ್ಲಿ, ಎಷ್ಟು

ರಾಮನಗರದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ನನ್ನ ಅಂಗಡಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಇಷ್ಟು ವರ್ಷಗಳಲ್ಲಿ ನನ್ನ ಕತ್ತರಿಗಿಂತ ಹೆಚ್ಚು ಬಟ್ಟೆಯನ್ನು ಬೇಡವೆಂದು ಕತ್ತರಿಸಿ ಹಾಕಿದ್ದು ನನ್ನ ನಾಲಿಗೆ. ಯಾರಾದರೂ ಬಟ್ಟೆ ಹಿಡಿದು ಒಳಗೆ ಬಂದರೆ ಮೊದಲು ಅವರ ಮುಖ ನೋಡುತ್ತಿದ್ದೆ, ಆಮೇಲೆ ಬಟ್ಟೆ. ಕಪ್ಪಗಿರುವ ಹೆಂಗಸು ಕೆಂಪು ತಂದಿದ್ದರೆ, "ನಿಮ್ ಬಣ್ಣಕ್ಕೆ ಇದು ಒಪ್ಪಲ್ಲ ಕಣವ್ವ, ಒಸಿ ಕಾಫಿ ಬಣ್ಣ ನೋಡಿ" ಅಂತ ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದೆ. ಹೇಳಿದ ಮೇಲೆ ಒಳ್ಳೆಯದು ಮಾಡಿದೆ ಅನ್ನುವ ಸಮಾಧಾನ ಬೇರೆ. ನನ್ನ ಅಮ್ಮ ನನಗೂ ಹಾಗೇ ಹೇಳಿ ಬೆಳೆಸಿದ್ದಳು. ನಾನೂ ಕಪ್ಪೇ.

ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ ಚನ್ನಪಟ್ಟಣದಿಂದ ಒಬ್ಬಳು ಬಂದಳು. ಅವಳ ತವರು ನಮ್ಮ ಬೀದಿಯ ಹಿಂದಿನ ಮೊಹಲ್ಲಾ, ಮದುವೆಯಾಗಿ ಹೋಗಿದ್ದು ಅಲ್ಲಿಗೆ. ಹೆಂಗಸರೇ ಕೆಲಸ ಮಾಡುವ ಒಂದು ಆಟಿಕೆ ಕಾರ್ಖಾನೆಯಲ್ಲಿ ಮರ ತಿರುಗಿಸುವ ಲೇತ್ ಯಂತ್ರದ ಮುಂದೆ ಕೂತು ಮರದ ಗೊಂಬೆಗೆ ಅರಗಿನ ಬಣ್ಣ ಹಾಕುತ್ತಾಳೆ. ಹಿಂದೆಯೂ ನನ್ನ ಹತ್ತಿರ ಹೊಲಿಸಿದ್ದಳು, ಆದರೆ ಏನು ಹೊಲಿದಿದ್ದೆ ಅಂತ ನನಗೆ ನೆನಪಿರಲಿಲ್ಲ. ನಲವತ್ತರ ಆಸುಪಾಸು, ದುಂಡು ಮೈ, ನನಗಿಂತ ಒಂದು ಕೈ ಹೆಚ್ಚೇ ಕಪ್ಪು. ಯಾವಾಗಲೂ ಮಣ್ಣಿನ ಬಣ್ಣದ ಕುರ್ತಾ, ತಲೆಗೆ ಅದೇ ಬಣ್ಣದ ಬಟ್ಟೆ.

ಅವತ್ತು ಚೀಲದಿಂದ ಮೂರು ಬಟ್ಟೆ ತೆಗೆದು ಟೇಬಲ್ ಮೇಲಿಟ್ಟಳು. ಕಡು ಕೆಂಪು, ಅರಿಶಿನದಂಥ ಹಳದಿ, ಮಿರಮಿರ ಮಿಂಚುವ ನೀಲಿ. ಮೂರೂ ಒಂದೇ ದಪ್ಪದ ಕಾಟನ್, ಒಂದರಲ್ಲೂ ಹೂವಿಲ್ಲ, ಗೆರೆಯಿಲ್ಲ. ಅವುಗಳ ಪಕ್ಕ ಒಂದು ಆಟಿಕೆಯನ್ನೂ ಇಟ್ಟಳು. ಕಡ್ಡಿಗೆ ಒಂದರ ಮೇಲೊಂದು ಬಳೆ ಪೋಣಿಸುವ ಮಕ್ಕಳ ರಿಂಗ್ ಆಟಿಕೆ, ಇವೇ ಮೂರು ಬಣ್ಣದ್ದು.

ಕಾರ್ಖಾನೆಯವರು ರಸ್ತೆ ಬದಿಯಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದಾರಂತೆ. ತೆರೆಯುವ ದಿನ ಬಂದವರ ಮುಂದೆ ಲೇತ್ ಓಡಿಸಿ ತೋರಿಸಲು ಇವಳನ್ನೇ ಆರಿಸಿದ್ದಾರಂತೆ. ಇಷ್ಟು ವರ್ಷ ಅವಳ ಗೊಂಬೆಗಳು ಜನರ ಮುಂದೆ ಹೋಗುತ್ತಿದ್ದವು, ಈಗ ಮೊದಲ ಸಲ ಅವಳು. ಅಣ್ಣನ ಮಗಳು ಫೋನಿನಲ್ಲಿ ಗಾಢ ಬಣ್ಣಗಳ ದೊಡ್ಡ ತುಂಡುಗಳನ್ನು ಜೋಡಿಸಿದ ಉಡುಪು ತೋರಿಸಿದ್ದಳಂತೆ, ಅದಕ್ಕೆ ಕಲರ್ ಬ್ಲಾಕಿಂಗ್ ಅನ್ನುತ್ತಾರಂತೆ. ಆ ಹುಡುಗಿಯ ತಾಯಿ, ಇವಳ ಭಾಭಿ ಮಾತ್ರ, ಈ ವಯಸ್ಸಿಗೆ, ಈ ಬಣ್ಣಕ್ಕೆ ಗಿಳಿ ವೇಷ ಯಾಕೆ ಅಂದಳಂತೆ.

ನನ್ನ ನಾಲಿಗೆ ತುದಿಗೂ ಅದೇ ಬಂದಿತ್ತು. ಆದರೆ ಅವಳು, "ದಿನಾ ಈ ಬಣ್ಣ ನನ್ ಕೈಯಾಗೇ ಬತ್ತದೆ ಅಕ್ಕ, ಮೈ ಮೇಲೆ ಒಂದಿನಾನೂ ಬಂದಿಲ್ಲ" ಅಂದಳು. ನಾನು ಅಳತೆ ಟೇಪ್ ತೆಗೆದುಕೊಂಡೆ.

ಮೂರು ಬಣ್ಣದ ಕುರ್ತಾ, ನೀಲಿ ಪ್ಯಾಂಟು ಅಂತ ಹೇಳಿ ಅಳತೆ ಕೊಡುವಾಗ ಅವಳದೇ ಕೆಲವು ಷರತ್ತುಗಳಿದ್ದವು. ತೋಳು ಮೊಣಕೈಗಿಂತ ಮೇಲೇ ನಿಲ್ಲಬೇಕು, ಕೈಗೆ ಒತ್ತಿಕೊಂಡಿರಬೇಕು. ಸಡಿಲ ಬಿಟ್ಟರೆ ಲೇತ್ ಎಳೆದುಕೊಳ್ಳುತ್ತದೆ. ದುಪಟ್ಟಾ ಬೇಡವೇ ಬೇಡ. ತಲೆಗೆ ಬಿಗಿಯಾಗಿ ಕಟ್ಟಿ ತುದಿ ಒಳಗೆ ಸಿಕ್ಕಿಸುವ ಬಟ್ಟೆ ಸಾಕು.

ಹೊಲಿಯುವ ಮುಂಚೆ ಮೂರನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದೆ. ಗಾಢ ಬಣ್ಣಗಳನ್ನು ಒಟ್ಟಿಗೆ ಹೊಲಿಯುವವರು ಈ ಕೆಲಸಕ್ಕೆ ಸೋಮಾರಿತನ ಮಾಡಿದರೆ ಮೊದಲ ಒಗೆತಕ್ಕೆ ಹಳದಿ ಕಿತ್ತಳೆಯಾಗುತ್ತದೆ. ಕೆಂಪು ಚೆನ್ನಾಗಿಯೇ ಬಣ್ಣ ಬಿಟ್ಟಿತು, ನಾಲ್ಕು ಸಲ ನೀರು ಬದಲಾಯಿಸಿದೆ. ಆ ಕೆಂಪು ಬಟ್ಟೆಗೆ ನುಸಿಗುಳಿಗೆ ವಾಸನೆ ಇತ್ತು. ಮಡಿಕೆ ಬಿದ್ದ ಕಡೆ ಗೆರೆಯಂತೆ ಬಣ್ಣ ಮಾಸಿತ್ತು. ಹಳೇ ಸ್ಟಾಕ್ ಅಂಟಿಸಿ ಕಳಿಸಿದ್ದಾರೆ ಅಂತ ಬಟ್ಟೆ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಆಮೇಲೆ ಮಾಡಿದ್ದು ನನ್ನ ಜೀವನದ ದೊಡ್ಡ ಪೆದ್ದುತನ. ಆಟಿಕೆ ಎದುರಿಗಿತ್ತಲ್ಲ, ಅದನ್ನೇ ನೋಡಿಕೊಂಡು ಕುರ್ತಾವನ್ನು ಮೂರು ಸಮಪಾಲು ಮಾಡಿದೆ. ಮೇಲೆ ಕೆಂಪು, ನಡುವೆ ಹಳದಿ, ಕೆಳಗೆ ನೀಲಿ. ಹೊಲಿಗೆ ಒಂದು ಕೂದಲೆಳೆ ಆಚೀಚೆ ಇರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವಳು ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಕೆಂಪು ಹಳದಿ ಸೇರುವ ಗೆರೆ ಸರಿಯಾಗಿ ಎದೆಯ ಮೇಲೆ, ಹಳದಿ ನೀಲಿ ಸೇರುವ ಗೆರೆ ಸರಿಯಾಗಿ ಸೊಂಟದ ಕೆಳಗಿನ ಅಗಲದಲ್ಲಿ. ಮೈ ಎಲ್ಲೆಲ್ಲಿ ದಪ್ಪವೋ ಅಲ್ಲಲ್ಲಿ ನಾನೇ ಬೆರಳಿಟ್ಟು ತೋರಿಸಿದಂತಿತ್ತು. ನಡುವಿನ ಹಳದಿ ಎರಡರಷ್ಟು ಅಗಲ ಕಾಣುತ್ತಿತ್ತು. ಅವಳು ಹಿಂದೆ ಮುಂದೆ ತಿರುಗಿ ನೋಡಿಕೊಂಡಳು. ಆಮೇಲೆ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು.

"ರಿಂಗ್ ಆಟಿಕೆ ಆಗ್ಬುಟ್ಟೆ ಕಣಕ್ಕ," ಅಂದಳು. "ಬುಡಿ, ಭಾಭಿ ಹೇಳಿದ್ದೇ ಸರಿ. ಆ ಮಣ್ಣಿನ ಬಣ್ಣದ್ದೇ ಹಾಕ್ಕೊಂಡು ಹೋಯ್ತೀನಿ."

ನನಗೆ ಸಿಟ್ಟು ಬೇಗ ಬರುತ್ತದೆ, ಅವತ್ತು ನನ್ನ ಮೇಲೇ ಬಂತು. ಹಾಳಾಗಿದ್ದು ನನ್ನ ಕತ್ತರಿಯಿಂದ, ಸೋತವಳು ಇವಳು. ಇವಳು ಹೀಗೇ ಎದ್ದು ಹೋದರೆ ಇನ್ನು ಯಾವತ್ತೂ ಬಣ್ಣದ ಬಟ್ಟೆ ಮುಟ್ಟುವುದಿಲ್ಲ ಅಂತ ನನಗೆ ಗೊತ್ತಿತ್ತು. ಕುರ್ತಾ ಬಿಚ್ಚಿ ಕೊಡು, ಇನ್ನೊಂದು ವಾರ ಟೈಮಿದೆ ಅಂದೆ. ಬಿಚ್ಚಿ ಏನು ಮಾಡುತ್ತೇನೆ ಅನ್ನುವುದು ಮಾತ್ರ ನನಗೂ ತಿಳಿದಿರಲಿಲ್ಲ.

ಮಾರನೆಯ ದಿನ ಅವಳೇ ಬಂದಳು. ಕೈಯಲ್ಲಿ ಇನ್ನೊಂದು ಆಟಿಕೆ ಇತ್ತು, ಗೇಣುದ್ದದ ಒಂದು ಹೆಣ್ಣು ಗೊಂಬೆ. ರಾತ್ರಿಯೆಲ್ಲ ಯೋಚನೆ ಮಾಡಿದಳಂತೆ, ತಪ್ಪು ಸಿಕ್ಕಿತಂತೆ.

"ರಿಂಗ್ ಆಟಿಕೇಲಿ ಒಂದೊಂದು ಬಳೇನೂ ಮಗಾ ಬಿಡಿಬಿಡಿಯಾಗಿ ಕೈಗೆ ತಕ್ಕೋತದೆ. ಅದ್ಕೇ ಎಲ್ಲಾ ಸಮ ಇರ್ಬೇಕು. ಗೊಂಬೆ ಹಂಗಲ್ಲ ಅಕ್ಕ, ಗೊಂಬೆ ಒಂದೇ."

ಗೊಂಬೆಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಮೈಯೆಲ್ಲ ಹಸಿರು. ಭುಜದ ಹತ್ತಿರ ಮಾತ್ರ ಕೆಂಪು. ಎರಡೂ ಸೇರುವ ಕಡೆ ಕೂದಲಿನಷ್ಟು ಸಣ್ಣ ಹಳದಿ ಗೆರೆ. ಹಳದಿ ಇನ್ನೆಲ್ಲೂ ಇಲ್ಲ, ಕೈಯ ತುದಿಯಲ್ಲಿ ಒಂದು ಪಟ್ಟಿ ಬಿಟ್ಟರೆ. ಎರಡು ಜೋರು ಬಣ್ಣಗಳನ್ನು ಪಕ್ಕಪಕ್ಕ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ, ನಡುವೆ ಗೆರೆ ಎಳೆದರೆ ತೆಪ್ಪಗಿರುತ್ತವೆ ಅಂತ ಅವಳು ವಿವರಿಸಿದಳು. ಮೂರು ಬಣ್ಣವೂ ಯಜಮಾನಿಕೆ ಮಾಡಲು ಹೊರಟರೆ ಗೊಂಬೆ ಕೆಟ್ಟಂತೆಯೇ. ಒಂದು ಮನೆ ತುಂಬ ಇರಬೇಕು, ಒಂದು ಅದರ ಅರ್ಧದಷ್ಟು, ಇನ್ನೊಂದು ಬಂದುಹೋಗುವ ನೆಂಟರಷ್ಟು. ಹೊಲಿಗೆಯಲ್ಲಿ ನಾನು ಕಲಿಯಬೇಕಾಗಿದ್ದನ್ನು ಲೇತ್‌ನವಳು ಹೇಳಿಕೊಟ್ಟಳು. ಒಳಗೊಳಗೇ ನಾಚಿಕೆಯಾಯಿತು.

ಆಮೇಲೆ ಇಬ್ಬರೂ ಸೇರಿ ಕೆಲಸಕ್ಕೆ ಕೂತೆವು. ಪ್ಯಾಂಟಿಗೆ ಇಟ್ಟಿದ್ದ ನೀಲಿಯಲ್ಲಿ ಕುರ್ತಾದ ಮೈಯನ್ನು ಭುಜದ ಕೆಳಗಿಂದ ಮೊಣಕಾಲಿನವರೆಗೆ ಒಂದೇ ತುಂಡಾಗಿ ಕತ್ತರಿಸಿದೆ. ಎಲ್ಲೂ ಅಡ್ಡ ಹೊಲಿಗೆ ಇಲ್ಲ, ಕಣ್ಣು ಮೇಲಿಂದ ಕೆಳಗೆ ಸಲೀಸಾಗಿ ಇಳಿಯಬೇಕು. ಭುಜದ ಪಟ್ಟಿಗೆ ಕೆಂಪು, ಎದೆಯ ಅಗಲ ಶುರುವಾಗುವ ಮುಂಚೆಯೇ ಮುಗಿಯುವಂತೆ. ಮಾಸಿದ ಮಡಿಕೆ ಬಾರದಂತೆ ನೋಡಿ ಅದನ್ನು ಕತ್ತರಿಸಿದೆ. ಕೆಂಪಿಗೂ ನೀಲಿಗೂ ನಡುವೆ, ಗೊಂಬೆಯ ಆ ಗೆರೆಯಂತೆ, ಹಳದಿಯ ಸಣ್ಣ ಪೈಪಿಂಗ್. ತೋಳಿನ ತುದಿಗೆ ಎರಡು ಬೆರಳಗಲ ಹಳದಿ. ಅದು ಅವಳದೇ ಹಟ. ಜನ ನನ್ನ ಮುಖ ನೋಡಲ್ಲ, ಕೈ ನೋಡುತ್ತಾರೆ ಅಂದಳು. ಮೊದಲ ಕುರ್ತಾದಿಂದ ಬಿಚ್ಚಿದ ನೀಲಿಯಲ್ಲಿ ತಲೆಬಟ್ಟೆ ಆಯಿತು, ಹಾಗಾಗಿ ಮುಖದ ಸುತ್ತ ನಾಲ್ಕನೇ ಬಣ್ಣ ಬರಲಿಲ್ಲ.

ಪ್ಯಾಂಟಿಗೆ ನೀಲಿ ಸಾಲಲಿಲ್ಲ. ಅದೇ ಬಟ್ಟೆ ಅಂಗಡಿಯಿಂದ ತರಿಸಿದರೆ ಬಂದಿದ್ದು ಬೇರೆ ಸುರುಳಿಯ, ಹೊಸ ಥಾನಿನ ಬಟ್ಟೆ, ಟ್ಯೂಬ್‌ಲೈಟಿನಲ್ಲಿ ಒಂದೇ, ಬಿಸಿಲಿಗೆ ಹಿಡಿದರೆ ಒಂದು ಚೂರು ಬೇರೆ. ಒಂದು ಚೂರು ಬೇರೆಯಾದರೆ ನೋಡಿದವರು ತಪ್ಪು ಅನ್ನುತ್ತಾರೆ, ಪೂರ್ತಿ ಬೇರೆಯಾದರೆ ಬೇಕೆಂದೇ ಮಾಡಿದ್ದು ಅನ್ನುತ್ತಾರೆ. ಅದಕ್ಕೇ ಅದನ್ನು ವಾಪಸ್ ಕಳಿಸಿ, ಕಪ್ಪಿಗೆ ಹತ್ತಿರದ ನೀಲಿ ತರಿಸಿದೆ. ಮತ್ತೆ ಹಾಕಿ ನೋಡಲು ಅವಳಿಗೆ ಪುರುಸೊತ್ತು ಸಿಗಲಿಲ್ಲ, ಅಣ್ಣನ ಮಗಳು ಬಂದು ತೆಗೆದುಕೊಂಡು ಹೋದಳು.

ಅಂಗಡಿ ತೆರೆಯುವ ದಿನ ನಾನೂ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆ. ಹೋಗಿ ನೋಡಿದರೆ ಕಾರ್ಖಾನೆಯವರು ಎಲ್ಲ ಹೆಂಗಸರಿಗೂ ಕುತ್ತಿಗೆಯಿಂದ ಮೊಣಕಾಲಿನವರೆಗೆ ಮುಚ್ಚುವ ಬೂದಿ ಬಣ್ಣದ ಏಪ್ರನ್ ಹಂಚುತ್ತಿದ್ದರು. ಜಗಳಕ್ಕೆ ನಾನು ಸೆರಗು ಸಿಕ್ಕಿಸಿದ್ದೂ ಆಯಿತು. ಅಷ್ಟರಲ್ಲಿ ಅವಳು ಏಪ್ರನ್ ಇಸಿದುಕೊಂಡು, ಮೇಲಿನ ಅರ್ಧವನ್ನು ಒಳಕ್ಕೆ ಮಡಚಿ ಸೊಂಟಕ್ಕೆ ಕಟ್ಟಿಕೊಂಡು, ಯಾರ ಮುಖವನ್ನೂ ನೋಡದೆ ಹೋಗಿ ಲೇತ್ ಮುಂದೆ ಕೂತುಬಿಟ್ಟಳು. ಕಾರ್ಖಾನೆಯ ಯಜಮಾನಿ ಒಂದು ಗಳಿಗೆ ನೋಡಿ, ಹಾಗೇ ಇರಲಿ ಅಂದರು.

ಲೇತ್ ತಿರುಗಿತು. ಅವಳು ಅರಗಿನ ಕಡ್ಡಿಯನ್ನು ಮರಕ್ಕೆ ಒತ್ತಿದಳು, ಬಿಸಿಗೆ ಬಣ್ಣ ಕರಗಿ ಹರಡಿತು, ತಾಳೆಗರಿಯಿಂದ ಉಜ್ಜಿದಾಗ ಹೊಳೆಯಿತು. ಜನ ಅವಳ ಕೈಗಳನ್ನೇ ನೋಡುತ್ತಿದ್ದರು. ನಾನು ಮುಖ ನೋಡುತ್ತಿದ್ದೆ. ಕೆಂಪಿನ ಮೇಲೆ ಆ ಕಪ್ಪು ಮುಖ ಎಷ್ಟು ಚೆಂದ ಇತ್ತೆಂದರೆ, ಇಪ್ಪತ್ತು ವರ್ಷ ನಾನು ಏನನ್ನು ನೋಡುತ್ತಿದ್ದೆ ಅಂತ ನನಗೇ ಅನುಮಾನ ಬಂತು.

ಜನ ಚದುರಿದ ಮೇಲೆ ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದಳು.

"ಒಪ್ತದಾ ಅಕ್ಕ?" ಅಂದಳು.

ಚೆನ್ನಾಗಿ ಒಪ್ಪುತ್ತದೆ ಅಂದೆ. ಅವಳು ಭುಜದ ಕೆಂಪನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು.

"ಇದು ಹೊಸಾದಲ್ಲ. ಒಂಬತ್ತು ವರ್ಸದ ಕೆಳಗೆ ಮೊದ್ಲು ಸಂಬ್ಳ ಬಂದಾಗ ತಕ್ಕೊಂಡಿದ್ದು. ನಿಮ್ ತಾವೇ ತಂದಿದ್ದೆ. ನನ್ ಬಣ್ಣಕ್ಕೆ ಒಪ್ಪಲ್ಲ ಅಂತ ವಾಪಸ್ ಕಳ್ಸಿದ್ರಿ. ಪೆಟ್ಟಿಗೇಲಿ ಇಟ್ಟಿದ್ದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು. ನುಸಿಗುಳಿಗೆಯ ವಾಸನೆ ನೆನಪಾಯಿತು, ಮಾಸಿದ ಮಡಿಕೆಯೂ ನೆನಪಾಯಿತು. ಅವಳ ಕೈ ಹಿಡಿದುಕೊಂಡು, "ಅವತ್ತು ನಾನು ಹೇಳಿದ್ದು ತಪ್ಪು ಕಣವ್ವ" ಅಂದೆ. ಅವಳು ನನ್ನ ಕಾಫಿ ಬಣ್ಣದ ಸೀರೆಯನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಭುಜದ ಪಟ್ಟಿ ಕತ್ತರಿಸಿ ಉಳಿದ ಕೆಂಪು ನಿಮ್ ಅಂಗ್ಡೀಲೇ ಐತಲ್ವಾ," ಅಂದಳು, "ಒಂದು ರವಿಕೆಗೆ ಆಯ್ತದೆ, ನೀವೇ ಹೊಲ್ಕೊಳ್ಳಿ."

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಮಾಸಿದ ಗೆರೆಯನ್ನು ತೋಳಿನ ಒಳಮಡಿಕೆಗೆ ಸೇರಿಸಿದರೆ ಸರಿಯಾಗಿ ನನ್ನ ಅಳತೆಯ ಒಂದು ರವಿಕೆ ಆಗುತ್ತದೆ.