ಸುಟ್ಟ ತಾಮ್ರದ ರೇಟು

ಗುಜರಿಯವನು ರಾಶಿಯನ್ನು ಕೈಯಲ್ಲಿ ಮುಟ್ಟಲಿಲ್ಲ. ಚಪ್ಪಲಿ ಕಾಲಿನಿಂದ ಒಂದು ಸಲ ಒದ್ದು ನೋಡಿ, “ಎಲ್ಲಾ ಮಿಕ್ಸು ಕಣಮ್ಮ. ಒಟ್ಗೆ ಕಬ್ಬಿಣದ್ ರೇಟ್ ಆಕ್ತೀನಿ,” ಅಂದ.

ಹಳೇ ಮೋಟಾರು, ತಂತಿ, ಕೇಬಲ್ಲಿನ ಆ ರಾಶಿ ನನ್ನ ತಮ್ಮನದು. ಮದ್ದೂರಿನಲ್ಲಿ ಅವನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಯವರ ಬೋರ್‌ವೆಲ್ ಮೋಟಾರ್ ಸುಟ್ಟುಹೋದರೆ ಹಳೇ ವೈಂಡಿಂಗ್ ಕಿತ್ತು ಹೊಸ ತಂತಿ ಸುತ್ತಿಕೊಡುವ ಕೆಲಸ. ಕಳೆದ ವರ್ಷ ಅವನು ತೀರಿಹೋದ. ಮದುವೆಯಾಗಿ ಬಂದಾಗಿನಿಂದ ಪಕ್ಕದಲ್ಲೇ ಕೂತು ಕಾಯಿಲ್ ಸುತ್ತಿದ ಅವನ ಹೆಂಡತಿ ಈಗ ಒಬ್ಬಳೇ ಅಂಗಡಿ ನಡೆಸುತ್ತಾಳೆ. ಅಷ್ಟರಲ್ಲಿ ಕಟ್ಟಡದ ಮಾಲೀಕರು ಅಡ್ವಾನ್ಸ್ ಏರಿಸಿದರು. ತಿಂಗಳ ಕೊನೆಯೊಳಗೆ ಕೊಡಿ, ಇಲ್ಲ ಖಾಲಿ ಮಾಡಿ ಅಂತ ನೋಟಿಸು. ಅವಳ ಕೈಯಲ್ಲಿ ಮಾರಲಿಕ್ಕೆ ಇದ್ದದ್ದು ಆ ಹಿತ್ತಲ ರಾಶಿ ಒಂದೇ. ಅಂಗಡಿ ಉಳಿಯುವುದೂ ಹೋಗುವುದೂ ಅದರ ಮೇಲೆ.

ನಾನು ಮಂಡ್ಯದಲ್ಲಿ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದವಳು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಗುಜರಿ ಬಗ್ಗೆ ನನಗೇನು ಗೊತ್ತು? ಆದರೂ “ಮಿಕ್ಸು” ಎಂಬ ಆ ಮಾತು ನನ್ನ ನೆತ್ತಿಗೇರಿತು. ಇಡೀ ಕ್ಲಾಸಿಗೆ ಲಾಸ್ಟ್ ಬೆಂಚಿನ ಹುಡುಗನ ಮಾರ್ಕ್ಸನ್ನೇ ಹಾಕಿಬಿಟ್ಟರೆ ಯಾವ ಪೇರೆಂಟ್ ಸುಮ್ಮನಿರುತ್ತಾರೆ?

“ಅಲ್ಲಪ್ಪಾ, ಅದರಲ್ಲಿ ತಾಮ್ರ ಇದೆ, ಅಲ್ಯೂಮಿನಿಯಂ ಇದೆ. ಎಲ್ಲಕ್ಕೂ ಕಬ್ಬಿಣದ ರೇಟೇ?” ಅಂದೆ.

“ತಾಮ್ರ ಎಲ್ಲದೆ ಅಮ್ಮಾರೇ? ಇದು ಸುಟ್ಟಿರೋ ಮಾಲು. ಕರ್ರಗದೆ ನೋಡಿ. ಇದ್ಕೆ ಒಳ್ಳೇ ತಾಮ್ರದ ರೇಟ್ ಬರಲ್ಲ.”

ನನ್ನ ತಮ್ಮನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. “ಓದ್ವಾರ ಬಂದು, ಸುಟ್ಟು ತಂತಿ ತಗ್ದಿಡಿ, ಕ್ಲೀನಾಯ್ತದೆ ಅಂತ ಯೋಳ್ದೋನು ನೀನೇ ಅಲ್ವಾ?”

“ಸುಡಿ ಅಂದೆ. ಕರ್ರಗ್ ಮಾಡಿ ಅಂದ್ನಾ?”

ಅವನು ನಕ್ಕ ರೀತಿಗೆ ನನ್ನ ಕೈಯಲ್ಲಿದ್ದ ಛತ್ರಿ ತಾನಾಗಿ ಮೇಲೆದ್ದಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸು ಅವನನ್ನು ಉಳಿಸಿತು.

ನಡೆದದ್ದು ಹೀಗೆ. ರಿವೈಂಡಿಂಗ್ ಅಂಗಡಿಗಳಲ್ಲಿ ಬೆಂಕಿ ದಿನದ ಮಾತು. ಮೋಟಾರಿನೊಳಗಿನ ಸುತ್ತು ವಾರ್ನಿಷ್ ಹಿಡಿದು ಕಲ್ಲಾಗಿರುತ್ತದೆ; ಸುಟ್ಟು ಸಡಿಲ ಮಾಡಿಯೇ ಎಳೆಯುತ್ತಾರೆ. ಆ ಅಭ್ಯಾಸದ ಮೇಲೆ ಇವಳು, ಬೋರ್‌ವೆಲ್ಲಿನೊಳಗೆ ಇಳಿಬಿಡುವ ಚಪ್ಪಟೆ ಕೇಬಲ್ಲನ್ನೂ ಸುಟ್ಟಿದ್ದಳು. ಬೆರಳು ದಪ್ಪದ ರಬ್ಬರಿನಂಥ ಹೊದಿಕೆ, ಒಳಗೆ ಮೂರು ತಾಮ್ರದ ಎಳೆ. ಕೆರೆ ಏರಿಯ ಹಿಂದೆ ರಾಶಿ ಹಾಕಿ ಬೆಂಕಿ ಕೊಟ್ಟಿದ್ದಾಳೆ. ಹೊಗೆಗೆ ಊರಿನವರು ಬೈದರು, ಅವಳಿಗೆ ಎರಡು ದಿನ ಕೆಮ್ಮು. ಅರ್ಧ ಕೇಬಲ್ ಹೋಗಿಬಿಟ್ಟಿತ್ತು. ಇನ್ನರ್ಧ ಉಳಿದಿತ್ತು, ದೇವರು ದೊಡ್ಡವನು, ಕಡ್ಡಿಪೆಟ್ಟಿಗೆ ನೆನೆದುಹೋಗಿತ್ತಂತೆ.

“ಇವತ್ತು ಕೊಡಲ್ಲ. ನಾಲ್ಕು ದಿನ ಬಿಟ್ಟು ಬಾ,” ಎಂದು ಅವನನ್ನು ಕಳಿಸಿದೆವು. “ನಾಳೆಗೆ ರೇಟ್ ಬೀಳ್ತದೆ,” ಅಂತ ಹೆದರಿಸಿಯೇ ಹೋದ.

ಮಾರನೇ ದಿನ ಬಸ್ಸು ಹತ್ತಿ ಸೋಮನಹಳ್ಳಿಗೆ ಹೋದೆವು. ಹೆದ್ದಾರಿ ಪಕ್ಕ ದೊಡ್ಡ ಗುಜರಿ ಯಾರ್ಡು ಒಂದಿದೆ. ಸಣ್ಣ ಗುಜರಿಯವರು ಕೊಂಡ ಮಾಲೆಲ್ಲ ಕೊನೆಗೆ ಅಲ್ಲಿಗೇ ಸೇರುತ್ತದೆ ಎಂದು ತಮ್ಮ ಹೇಳುತ್ತಿದ್ದ. ಹೋಗಿ ನೋಡಿದರೆ ಅಲ್ಲಿ “ಮಿಕ್ಸು” ಎಂಬ ರಾಶಿಯೇ ಇಲ್ಲ! ಹೊಳೆಯುವ ತಾಮ್ರ ಒಂದು ಮೂಲೆ, ಕಪ್ಪು ತಾಮ್ರ ಇನ್ನೊಂದು. ಕರೆಂಟು ತಂತಿಯ ಅಲ್ಯೂಮಿನಿಯಂ ಬೇರೆ, ಪಾತ್ರೆ ಬೇರೆ, ಕಿಟಕಿ ಫ್ರೇಮು ಬೇರೆ, ಎರಕದ್ದು ಬೇರೆ. ಬೀಡು ಕಬ್ಬಿಣ ಒಂದು ಕಡೆ, ದಪ್ಪ ಕಬ್ಬಿಣ ಒಂದು ಕಡೆ, ತೆಳು ತಗಡು ಗೋಡೆಯ ಪಕ್ಕ. ಕೊಳ್ಳುವಾಗ ಮಾತ್ರ ಮಿಕ್ಸು, ಮಾರುವಾಗ ಇಷ್ಟು ಶಿಸ್ತು! ನನಗೆ ಅಲ್ಲೇ ನಿಂತು ಕಿರುಚಬೇಕೆನಿಸಿತು.

ಯಾರ್ಡಿನ ಯಜಮಾನ ಕುರ್ಚಿಯಿಂದ ಏಳಲಿಲ್ಲ. ನನ್ನ ಪ್ರಶ್ನೆಗಳನ್ನು ಕೇಳಿ, “ಮಾರಕ್ ಬಂದಿದ್ದೀರೋ ಇಂಟರ್‌ವ್ಯೂ ಮಾಡಕ್ ಬಂದಿದ್ದೀರೋ ಮೇಡಮ್ಮು?” ಅಂದ.

“ಎರಡೂ. ತಗಡನ್ನ ಯಾಕೆ ಹಿಂಡ್ತಾ ಇದ್ದೀರಿ?”

ಒಂದು ಮಿಷನ್ನು ಡಬ್ಬ, ತಗಡು, ತೆಳು ಅಲ್ಯೂಮಿನಿಯಂ ಎಲ್ಲವನ್ನೂ ಬೇರೆ ಬೇರೆಯಾಗಿ ಅದುಮಿ, ಮಂಚದ ದಿಂಬಿನಷ್ಟು ದಪ್ಪದ ಚೌಕ ಕಟ್ಟುಗಳನ್ನು ಉಗುಳುತ್ತಿತ್ತು.

“ಲಾರಿ ಬಾಡ್ಗೆ ಯಾರ್ ಕೊಡ್ತಾರೆ, ನೀವ್ ಕೊಡ್ತೀರಾ? ಅಂಗೇ ತುಂಬುದ್ರೆ ಗಾಳಿ ಸಾಗ್ಸ್‌ದಂಗೆ. ಬೇಲ್ ಕಟ್ಟುದ್ರೆ ತೂಕ ಇಡೀತದೆ. ಕುಲುಮೆಯೋರೂ ಅದ್ನೇ ಕೇಳ್ತಾರೆ. ಆದ್ರೆ ಒಳ್ಗೆ ಏನದೆ ಅಂತ ಕಾಣಾಕಿಲ್ವಲ್ಲ, ಅದ್ಕೇ ಒಂದೆರಡು ಬೇಲ್ ಒಡ್ದು ನೋಡ್ತಾರೆ. ಅಲ್ಯೂಮಿನಿಯಂ ಬೇಲ್ನಾಗೆ ಒಂದು ಕಬ್ಬಿಣದ ಬೋಲ್ಟ್ ಸಿಕ್ತೋ, ಇಡೀ ಲೋಡ್‌ಗೇ ಕಟ್ ಮಾಡ್ತಾರೆ. ಓದ್‌ ಸಲ ನಂದೊಂದು ಲೋಡ್ ವಾಪಸ್ ಕಳ್ಸ್‌ಬುಟ್ರು, ಬಡ್ಡೀಮಕ್ಳು.”

“ಅಂದರೆ ಬೇರ್ಪಡಿಸಿ ತಂದರೆ ನಿಮಗೂ ಲಾಭ.”

“ನಂಗೂ ಆಯ್ತದೆ, ತಂದೋರ್ಗೂ ಆಯ್ತದೆ. ತರೋರ್ ಯಾರವ್ರೆ?”

ಅವನಿಗೆ ಧರ್ಮದ ಚಿಂತೆಯಿಲ್ಲ, ಅವನಿಗೆ ವಾಪಸ್ ಬಂದ ಲೋಡಿನ ಚಿಂತೆ. ಆದರೂ ಅಲ್ಲಿಗೆ ಹೋದದ್ದು ಸಾರ್ಥಕವಾಯಿತು. ನಾವು ಚೀಲದಲ್ಲಿ ಕೇಬಲ್ಲಿನ ಒಂದು ತುಂಡು ಒಯ್ದಿದ್ದೆವು. ಅವನು ಅದನ್ನು ತೂಗಿದ, ಬ್ಲೇಡು ಹಾಕಿ ಸುಲಿದ, ಒಳಗಿನ ತಾಮ್ರವನ್ನಷ್ಟೇ ಮತ್ತೆ ತೂಗಿದ. ಕೇಬಲ್ಲಿನಲ್ಲಿ ತಾಮ್ರ ಎಷ್ಟು ಪಾಲು ಎಂದು ನೋಡುವ ವಿಧಾನ ಇಷ್ಟೇ. ಇಂಥ ದಪ್ಪ ಕೇಬಲ್ಲು ಸುಲಿದು ತಂದರೆ ಹೊಳೆಯುವ ತಾಮ್ರದ ರೇಟು. ಕೂದಲೆಳೆ ವೈರಾದರೆ ಸುಲಿಯುವ ಕೂಲಿಯೇ ಹುಟ್ಟುವುದಿಲ್ಲ, ಹಾಗೇ ಮಾರಬೇಕು. ಸುಟ್ಟರೆ ತಾಮ್ರ ಕಪ್ಪಾಗಿ, ಒಂದಿಷ್ಟು ಮಸಿಯಾಗಿ ಉದುರಿ, ದರ್ಜೆಯೂ ತೂಕವೂ ಎರಡೂ ಇಳಿಯುತ್ತವೆ.

“ಸುಟ್ಟಿರೋದ್‌ನ ಈಗೇನ್ ಮಾಡಾದು?” ನನ್ನ ತಮ್ಮನ ಹೆಂಡತಿ ಕೇಳಿದಳು.

“ಏನೂ ಮಾಡಂಗಿಲ್ಲ ಕಣವ್ವ. ತೊಳುದ್ರೂ ಸುಟ್ಟಿದ್ದು ಸುಟ್ಟಿದ್ದೇಯ.”

ಮದ್ದೂರಿಗೆ ವಾಪಸ್ ಬಸ್ಸು ಹತ್ತಿದೆವು. ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆಗಳು ಓಡುತ್ತಿದ್ದವು. ನಾನು ಚಿಕ್ಕವಳಿದ್ದಾಗ ರಜೆಗೆ ಬಂದರೆ, ತಮ್ಮ ರೇಡಿಯೋ ಬಿಚ್ಚಿ ಒಳಗಿನ ಸಣ್ಣ ತಂತಿ ಸುರುಳಿಯನ್ನು ನನ್ನ ಬೆರಳಿಗೆ ಉಂಗುರ ಮಾಡಿ ಹಾಕುತ್ತಿದ್ದ. ಎಷ್ಟು ಕೆಂಪಗೆ ಹೊಳೆಯುತ್ತಿತ್ತು ಅದು.

ಅವತ್ತಿನಿಂದ ಹಿತ್ತಲಲ್ಲಿ ಕೆಲಸ ಶುರುವಾಯಿತು. ಅವಳು ಕೇಬಲ್ಲನ್ನು ವೈಸಿನ ಇಕ್ಕಳಕ್ಕೆ ಕಚ್ಚಿಸಿ ಉದ್ದಕ್ಕೆ ಸೀಳುತ್ತಿದ್ದಳು. ನಾನು ತರಕಾರಿ ಚಾಕು ಹಿಡಿದು ಹೊದಿಕೆ ಎಳೆಯುತ್ತಿದ್ದೆ, ಸೋರೆಕಾಯಿ ಸಿಪ್ಪೆ ಸುಲಿದ ಹಾಗೆ. ಹಳೇ ಸ್ಪೀಕರಿನ ಅಯಸ್ಕಾಂತ ತಂದು ಒಂದೊಂದಕ್ಕೂ ಮುಟ್ಟಿಸಿದೆವು. ಬೋರ್‌ವೆಲ್ ಮೋಟಾರಿನ ಉದ್ದನೆಯ ಕೊಳವೆಗಳಿಗೆ ಅದು ಅಂಟಲೇ ಇಲ್ಲ.

“ಅಕ್ಕ, ಇದು ಸ್ಟೀಲು! ಆ ನನ್ಮಗ ಇದ್ನೂ ಕಬ್ಬಿಣಕ್ ಸೇರ್ಸಿದ್ದ!”

ನೀರಿನಲ್ಲಿ ತುಕ್ಕು ಹಿಡಿಯಬಾರದೆಂದು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದ ಕೊಳವೆ. ಅದಕ್ಕೆ ಕಬ್ಬಿಣಕ್ಕಿಂತ ಮೇಲಿನ ರೇಟಿದೆ. ವಾಟ್ ಎ ಕ್ರೂಕ್! ಅಲ್ಯೂಮಿನಿಯಂ ಮುಚ್ಚಳಗಳಿಗೆ ಸಿಕ್ಕಿಕೊಂಡಿದ್ದ ಕಬ್ಬಿಣದ ಬೋಲ್ಟು, ಬೇರಿಂಗು ಎಲ್ಲವನ್ನೂ ಸುತ್ತಿಗೆಯಿಂದ ಬಿಡಿಸಿದೆವು. ಕಬ್ಬಿಣ ಕಚ್ಚಿಕೊಂಡಿದ್ದರೆ ಅಲ್ಯೂಮಿನಿಯಂಗೂ ಕೀಳು ದರ್ಜೆ. ಕೊನೆಗೆ ಎಲ್ಲವನ್ನೂ ಬೇರೆ ಬೇರೆ ಚೀಲಕ್ಕೆ ತುಂಬಿ, ಪಕ್ಕದ ಬೆಲ್ಲದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ನಮ್ಮ ತೂಕ ನಮಗೆ ಮೊದಲೇ ಗೊತ್ತಿದ್ದರೆ ಇನ್ನೊಬ್ಬರ ತಕ್ಕಡಿ ಮುಂದೆ ಬಾಯಿ ಬಿಡಬೇಕಾಗಿಲ್ಲ.

ಮದ್ದೂರಿನ ಗುಜರಿಯವನು ಮತ್ತೆ ಬಂದ. ಸಾಲಾಗಿ ನಿಂತ ಚೀಲಗಳನ್ನು ನೋಡಿ ಅವನ ಮುಖ ಸಣ್ಣಗಾಯಿತು.

“ಇಷ್ಟೆಲ್ಲಾ ಯಾಕ್ ಕಷ್ಟ ಪಟ್ರಿ? ನಾನೇ ಮಾಡ್ಕೋತಿರ್ಲಿಲ್ವಾ?”

“ಮಾಡ್ಕೋತಿದ್ದೆ ಕಣಪ್ಪ, ಲಾಭನೂ ನೀನೇ ಮಾಡ್ಕೋತಿದ್ದೆ. ಓಗು ಓಗು,” ಅಂದಳು ಅವಳು.

ಮಾಲು ಸಾಗಿಸುವ ದಿನ ಬೆಳಗ್ಗೆ ನಾನು ಮಂಡ್ಯ, ಮಳವಳ್ಳಿ, ಸೋಮನಹಳ್ಳಿ ಮೂರು ಕಡೆಯ ಯಾರ್ಡುಗಳಿಗೂ ಫೋನ್ ಮಾಡಿ ಒಂದೊಂದು ದರ್ಜೆಗೂ ಬೇರೆ ರೇಟು ಕೇಳಿದೆ. ಮಾಲು ಇಳಿಸಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ತಾಮ್ರದ ಬೆಲೆ ಲಂಡನ್ನಿನಲ್ಲಿ ನಿಗದಿಯಾಗಿ ದಿನಾ ಏರಿಳಿಯುತ್ತದಂತೆ. ಅಲ್ಲಿ ಏರಿದ್ದು ಇಲ್ಲಿಗೆ ತಡವಾಗಿ ಬರುತ್ತದೆ, ಇಳಿದದ್ದು ಮಾತ್ರ ತಕ್ಷಣ ಬರುತ್ತದೆ; ಇದು ಯಾವ ನ್ಯಾಯ? ಮಳವಳ್ಳಿಯವನು ತಾಮ್ರಕ್ಕೆ ಒಂಚೂರು ಹೆಚ್ಚು ಹೇಳಿದ, ಆದರೆ ಟೆಂಪೋ ಬಾಡಿಗೆಯಲ್ಲಿ ಅದು ಹೋಗುತ್ತಿತ್ತು. ಸೋಮನಹಳ್ಳಿಗೇ ಹಾಕಿದೆವು. ಯಜಮಾನ ಚೀಲ ಸುರಿದು ನೋಡಿದ, ಅಯಸ್ಕಾಂತ ಆಡಿಸಿದ, ಕಳೆಯಲು ಏನೂ ಸಿಗದೆ ತಕ್ಕಡಿಗೆ ಹಾಕಿಸಿದ. ಸುಟ್ಟ ತಾಮ್ರಕ್ಕೆ ಮಾತ್ರ ಸುಟ್ಟ ರೇಟೇ ಬಂತು. ಆ ವ್ಯತ್ಯಾಸ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸುಡುವ ಉಪಾಯ ಹೇಳಿಕೊಟ್ಟವನು ಮದ್ದೂರಿನ ಬೀದಿಯಲ್ಲಿ ತಲೆಯೆತ್ತಿಕೊಂಡೇ ಓಡಾಡುತ್ತಾನೆ.

ಆದರೂ ಅಡ್ವಾನ್ಸಿಗೆ ಸಾಕಾಯಿತು. ಅಂಗಡಿ ಉಳಿಯಿತು.

ಮುಂದಿನ ವಾರ ನಾನು ಅಲ್ಲಿದ್ದಾಗ ನಿಡಘಟ್ಟದ ರೈತರೊಬ್ಬರು ಸುಟ್ಟ ಮೋಟಾರ್ ತಂದರು. ಒಳಗಿನ ಹಳೇ ತಾಮ್ರ ಅಂಗಡಿಗೇ ಬಿಡುವುದು ಈ ಕಸುಬಿನ ರೂಢಿ. ಹೊಸ ಸುತ್ತಿನ ಲೆಕ್ಕದಲ್ಲಿ ಅದರ ಮಾತೇ ಬರುವುದಿಲ್ಲ.

“ಅಳೇ ತಂತೀಗೇನಾರಾ ಕಳೀತೀಯವ್ವ?” ಅವರು ಕೇಳಿದರು.

“ಅದ್ರಾಗೇನದೆ ಗೌಡ್ರೇ, ಎಲ್ಲಾ ಸುಟ್‌ ಮಾಲು,” ಅಂದಳು ನನ್ನ ತಮ್ಮನ ಹೆಂಡತಿ.

ನಾನು ಪೇಪರ್ ಕೆಳಗಿಟ್ಟೆ. “ಏನಂದೆ? ಇನ್ನೊಂದ್ಸಲ ಹೇಳು. ಆ ಗುಜರಿಯವನ ದನಿ ಕೇಳಿದ ಹಾಗಾಯ್ತು.”

“ಅಕ್ಕ, ಅಂಗ್ಡಿ ನಡೀಬೇಡ್ವಾ? ಎಲ್ಲಾರೂ ಇಂಗೇ ಮಾಡಾದು.”

“ಅವನೂ ಎಲ್ಲರ ಹಾಗೇ ಮಾಡಿದ್ದು. ಡೋಂಟ್ ಯೂ ಡೇರ್.”

ರೈತರು ನಮ್ಮಿಬ್ಬರ ಮುಖ ನೋಡುತ್ತಾ ನಿಂತರು. ಅವಳು ಕೋಪದಿಂದ ಸ್ಟೂಲು ಎಳೆದು ಕೂತಳು, ಸ್ಕ್ರೂಡ್ರೈವರ್ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ನನ್ನ ಕಡೆ ನೋಡದೆ, “ನಾಳಿಕ್ ಬನ್ನಿ ಗೌಡ್ರೇ. ಬಿಚ್ಚಿ ನಿಮ್ ಎದುರ್ಗೇ ತೂಗ್ತೀನಿ. ಸುಟ್‌ ರೇಟು ಎಷ್ಟದೋ ಅಷ್ಟ್ ಕಳ್ದು ಯೋಳ್ತೀನಿ,” ಅಂದಳು.

ಅವರು ಹೋದ ಮೇಲೆ ಅವಳು ನನಗೆ ಸಂಜೆಯವರೆಗೂ ಕಾಫಿ ಕೊಡಲಿಲ್ಲ.