ತಕರಾರಿಗೆ ಬಿದ್ದ ಹುಣಸೆಕಾಯಿ ಹಾಡು

ಶಂಕ್ರೆವ್ವನ ಬಾಯಿ ಮುಚ್ಚಿಸಿದವರು ನಮ್ಮ ಲಕ್ಷ್ಮೇಶ್ವರದ ಓಣಿಯಲ್ಲಿ ಯಾರೂ ಇರಲಿಲ್ಲ. ಆಕೆಯ ಅತ್ತೆಯಿಂದ ಆಗಲಿಲ್ಲ, ಗಂಡನಿಂದ ಆಗಲಿಲ್ಲ, ಹಲ್ಲು ಕಿತ್ತ ಡಾಕ್ಟರರಿಂದಲೂ ಆಗಲಿಲ್ಲ. ಹಲ್ಲು ಕೀಳುವಾಗಲೂ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅವರ ಮದುವೆಯ ಬಗ್ಗೆ ವಿಚಾರಿಸುತ್ತಿದ್ದಳಂತೆ. ಅಂಥವಳ ಬಾಯಿಯ ಹಾಡಿಗೆ ಬೀಗ ಹಾಕಿದ ಕೀರ್ತಿ ನನ್ನದು. ಬೇಕಂತ ಮಾಡಿದ್ದಲ್ಲ. ಫೋನಿನಲ್ಲಿದ್ದ ಒಂದು ಸಾಲನ್ನು ಓದಿ ಹೇಳಿದೆ, ಅಷ್ಟೇ.

ನನ್ನದು ಬಜಾರದಲ್ಲಿ ಝೆರಾಕ್ಸ್ ಮತ್ತು ಪಾಸ್‌ಪೋರ್ಟ್ ಫೋಟೋದ ಸಣ್ಣ ಅಂಗಡಿ. ಮನೆ ಶಂಕ್ರೆವ್ವನ ಮನೆಗೆ ಅಂಟಿಕೊಂಡೇ ಇದೆ, ನಡುವೆ ಒಂದು ಗೋಡೆ. ನನ್ನ ಅಮ್ಮಿ ಹಾಜಿರಾಬಿ ಮತ್ತು ಶಂಕ್ರೆವ್ವ ಆ ಗೋಡೆಯ ಮೇಲಿಂದ ಮೂವತ್ತು ವರ್ಷ ಸಾರು, ರೊಟ್ಟಿ, ಜಗಳ ಎಲ್ಲವನ್ನೂ ದಾಟಿಸಿದ್ದಾರೆ. ನಾನು ಮಾತು ಕಲಿತದ್ದು ಅಮ್ಮಿಯಿಂದ, ಬೈಯುವುದನ್ನು ಕಲಿತದ್ದು ಶಂಕ್ರೆವ್ವನಿಂದ. ಆಕೆಯನ್ನು ನಾನು ಆಯಿ ಎಂದು ಕರೆಯುತ್ತೇನೆ.

ಓಣಿಯಲ್ಲಿ ಯಾರ ಮನೆಯ ಕುಬಸವಿದ್ದರೂ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಕೂಡಿಸುವ ದಿನ, ಹಾಡು ಶಂಕ್ರೆವ್ವನದೇ. ಅದೂ ಒಂದೇ ಹಾಡು, ಹುಣಸೆಕಾಯಿ ಹಾಡು. ಬಯಕೆಯ ಹುಡುಗಿ ಹುಣಸೆಕಾಯಿ ಬೇಡುತ್ತಾಳೆ, ಅತ್ತೆ ಕೇಳಿಯೂ ಕೇಳದಂತೆ ಕೂಡುತ್ತಾಳೆ, ಹಡೆದವ್ವ ಬಿಸಿಲಲ್ಲಿ ಬರಿಗಾಲಲ್ಲಿ ನಡೆದು ತರುತ್ತಾಳೆ. ಶಂಕ್ರೆವ್ವನಿಗೆ ಅದನ್ನು ಕಲಿಸಿದವಳು ಯಳವತ್ತಿಯಲ್ಲಿದ್ದ ಆಕೆಯ ತಾಯಿ ಮುದುಕವ್ವ. ಮುದುಕವ್ವನ ಒಂದು ಫೋಟೋ ಕೂಡ ಉಳಿದಿಲ್ಲ. ಈ ಹಾಡೊಂದು ಉಳಿದಿದೆ.

ಹೋದ ವರ್ಷ ಆಕೆ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಅದನ್ನು ಹಾಡಿದಾಗ ನಾನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದೆ. ಒಳ್ಳೆಯದೇ ಆಯಿತು. ಮುಂಡರಗಿ, ಶಿರಹಟ್ಟಿ, ಡೋಣಿಯವರೆಲ್ಲ ನೋಡಿ ತಮ್ಮ ತಮ್ಮ ಅಜ್ಜಿಯರ ಹೆಸರು ಬರೆದರು. ಒಬ್ಬ ಮಹಾಶಯ ಮಾತ್ರ ಅವರೆಕಾಯಿ ಕಿಲೋಕ್ಕೆ ಎಷ್ಟು ಎಂದು ಕೇಳಿದ.

ಆಮೇಲೆ ಒಂದು ದಿನ ಆ ವಿಡಿಯೋದ ಮೇಲೆ ಕಾಪಿರೈಟ್ ಕ್ಲೇಮು ಬಂತು, ಅಂದರೆ ಹಾಡಿನ ಹಕ್ಕು ತಮ್ಮದೆಂಬ ದಾವೆ. ಯಾವುದೋ ಊರಿನ ಕ್ಯಾಸೆಟ್ ಕಂಪನಿ ಹಿಂದೆಂದೋ ಇಂಥದೇ ಧಾಟಿಯ ಹಾಡನ್ನು ಕೀಬೋರ್ಡ್ ಬಡಿದು ಹೊರತಂದಿತ್ತಂತೆ. ಯೂಟ್ಯೂಬಿನ ಯಂತ್ರ ಎರಡನ್ನೂ ತಾಳೆ ನೋಡಿ, ನಲವತ್ತನೇ ಸೆಕೆಂಡಿನಿಂದ ಮುಂದೆ ಇದು ಅವರ ಹಾಡು ಎಂದುಬಿಟ್ಟಿತು. ನನಗೆ ಮೈಯೆಲ್ಲ ಉರಿಯಿತು. ಶಂಕ್ರೆವ್ವನಿಗೆ ಹೇಳಿದೆ. ಆಕೆಗೆ ಉರಿಯಲಿಲ್ಲ, ಆಕೆ ಸೆರಗು ಬಿಗಿದು ಎದ್ದು ನಿಂತಳು.

“ಯಾವ ಊರಾಗ ಅದಾನ ಅಂವಾ? ಬಸ್ಸಿಗೆ ಹೋಗೂಣ ನಡಿ.”

“ಬಸ್ಸು ಬ್ಯಾಡ ಆಯಿ. ಇಲ್ಲೇ ಕುಂತು ತಕರಾರು ಹಾಕಬೌದು.”

ಅಂದೇ ಹಾಕಿದೆವು. ಕಾರಣ ಆರಿಸಬೇಕಿತ್ತು, ಯಾರ ಸ್ವತ್ತೂ ಅಲ್ಲದ ಹಳೆಯ ಜನಪದ ಹಾಡು ಎಂಬುದನ್ನು ಆರಿಸಿದೆ. ವಿವರ ಬರೆಯಬೇಕಿತ್ತು. ಆಕೆ ಹೇಳುತ್ತ ಹೋದಳು, ನಾನು ಮೊದಲು ಒಂದು ನೋಟಬುಕ್ಕಿನ ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಫೋನಿಗೆ ಇಳಿಸಿದೆ. ಕೊನೆಯಲ್ಲಿ ಚಾನೆಲ್ಲಿನ ಒಡತಿಯಾದ ನನ್ನ ಪೂರ್ತಿ ಹೆಸರನ್ನು ಸಹಿಯಾಗಿ ಹೊಡೆದೆ. ಶಂಕ್ರೆವ್ವ ತಾನೂ ಹೆಬ್ಬೆರಳು ಒತ್ತುತ್ತೇನೆಂದು ಹಟ ಹಿಡಿದು ಒತ್ತಿದಳು. ಫೋನಿನ ಗಾಜಿನ ಮೇಲೆ ಅವರೆಕಾಯಿಯ ಹಸಿರು ಮೂಡಿತು.

ಕಳಿಸಿದ ಮೇಲೆ ಪರದೆಯ ಮೇಲೆ ಬಂದದ್ದನ್ನು ಓದಿ ಹೇಳಿದೆ. ತಕರಾರು ಸಲ್ಲಿಕೆಯಾಗಿದೆ, ಕ್ಲೇಮು ಮಾಡಿದವರ ಉತ್ತರಕ್ಕೆ ಕಾಯಲಾಗುತ್ತಿದೆ. ಅವರಿಗೆ ಮೂವತ್ತು ದಿನ ಗಡುವು.

“ಹಂಗಾರ ಈಗ ಅದು ತಕರಾರಿನಾಗ ಐತಿ?”

“ಹೂಂ ಆಯಿ.”

“ಆತು.”

ಅಷ್ಟೇ ಅಂದಳು. ನಾನು ಮೂರ್ಖಿ, ಸಮಾಧಾನವಾಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ದಿನಾ ಕೇಳುತ್ತಿದ್ದ ಹಾಡಿಲ್ಲ. ಅದರ ಮರುದಿನವೂ ಇಲ್ಲ. ವಾರವಾದ ಮೇಲೆ ಅಮ್ಮಿ ಇಣುಕಿ ನೋಡಿ ಬಂದು, ಆಕೆ ಮಾತಾಡುತ್ತಾಳೆ, ಬೈಯುತ್ತಾಳೆ, ಆದರೆ ಹುಣಸೆಕಾಯಿ ಹಾಡು ಮಾತ್ರ ಹಾಡುವುದಿಲ್ಲವಂತೆ ಎಂದಳು.

ಕಾರಣ ಕೇಳಲು ಹೋದೆ. ಆಗ ಗೊತ್ತಾಯಿತು, ಆಕೆಯ ತಲೆಯಲ್ಲಿ ಯಳವತ್ತಿಯ ಬದುವಿನ ಜಗಳ ಕೂತಿತ್ತು. ಹಿಂದೆ ಆಕೆಯ ತವರಿನ ಹೊಲದ ಬದು ದಾಯಾದಿಗಳ ನಡುವೆ ತಕರಾರಿಗೆ ಬಿದ್ದಾಗ ಹಿರಿಯರು ಒಂದು ಮಾತು ಹಾಕಿದ್ದರು. ತೀರ್ಮಾನ ಆಗುವತನಕ ಎರಡೂ ಕಡೆಯವರು ಆ ಪಟ್ಟಿಯಲ್ಲಿ ಕುಂಟೆ ಹೂಡಬಾರದು, ಹುಲ್ಲುಕಡ್ಡಿಯನ್ನೂ ಕೀಳಬಾರದು. ಮುದುಕವ್ವ ಎರಡು ಮಳೆಗಾಲ ಆ ಕಡೆ ಕಾಲಿಡಲಿಲ್ಲವಂತೆ. ಮಗಳು ಈಗ ಅದೇ ನೇಮವನ್ನು ಹಾಡಿಗೆ ಹಚ್ಚಿದ್ದಳು.

“ತಕರಾರಿನ ಹೊಲಾ ಉಳೋದು ಕಳ್ಳರ ಕೆಲಸ. ನಾ ಹಾಡಿದ್ನೆಪಾ ಅಂದ್ರ ನಾಳೆ ಅಂವಾ, ನೋಡ್ರಿ ಉತ್ತರಕ್ಕ ತಡೀಲಿಲ್ಲ ಅಂತಾನ. ನನ್ನ ಮಾತು ಹಗುರಾಗ್ತೈತಿ. ಆ ವಿಡಿಯೋನೂ ಇಳಸು ನೀನು.”

“ಆಯಿ, ತಕರಾರು ಇರೋದು ಆ ವಿಡಿಯೋದ ಮ್ಯಾಲಿನ ಕ್ಲೇಮಿಂದು. ನಿನ್ನ ಬಾಯಿಂದಲ್ಲ. ವಿಡಿಯೋ ಈಗೂ ಮಂದಿ ನೋಡಾಕ ಹತ್ಯಾರ, ನೋಡ್ಲಿ. ಅದನ್ನ ಅಳಿಸಿದ್ರ ಅದರ ಕೂಡ ತಕರಾರೂ ಹೋಗ್ತೈತಿ. ನಾವು ಗೆದ್ವೋ ಸೋತ್ವೋ ಯಾರಿಗೂ ತಿಳಿಯಂಗಿಲ್ಲ.”

“ಪಂಚರು ಯಾರದಾರ ಇದಕ್ಕ?”

ಇದೇ ಕಷ್ಟದ ಪ್ರಶ್ನೆ. “ಸದ್ಯಕ್ಕ ಪಂಚರಿಲ್ಲ ಆಯಿ. ಕ್ಲೇಮು ಮಾಡಿದವರೇ ನಮ್ಮ ತಕರಾರು ಓದಿ ಹೇಳಬೇಕು.”

“ಬದು ಒತ್ತಿದಾಂವನ ನ್ಯಾಯಾ ಹೇಳತಾನ? ಭಾಳ ಚಂದ ಐತಿ ನಿಮ್ಮ ಫೋನು!” ಎಂದು ಮೊರ ಕುಟ್ಟಿದಳು. “ಅಂವಾ ಇಲ್ಲ ಅಂದ್ರ?”

“ಮ್ಯಾಲೆ ಅಪೀಲು ಹಾಕಬೌದು. ಅದಕ್ಕ ಅವರು ಏಳು ದಿನದಾಗ ಉತ್ತರ ಕೊಡಬೇಕು. ಆವಾಗ ಅವರು ವಿಡಿಯೋ ತಗಸ್ರಿ ಅಂತ ಪಟ್ಟೂ ಹಿಡೀಬೌದು, ಅದು ಚಾನೆಲ್ಲಿಗೆ ಒಂದು ಪೆಟ್ಟು, ಅಂಥಾ ಮೂರು ಬಿದ್ರ ಚಾನೆಲ್ಲ ಬಂದ್.”

“ಸುಮ್ನ ಕುಂತ್ರ?”

“ಮೂವತ್ತು ದಿನಾ ಆದ ಮ್ಯಾಲೆ ಕ್ಲೇಮು ತಾನ ಬಿದ್ದು ಹೋಗ್ತೈತಿ.”

“ಹಂಗಾರ ಮೂವತ್ತು ದಿನಾ ನಾನೂ ಸುಮ್ನ,” ಎಂದು ಮುಖ ತಿರುಗಿಸಿದಳು.

ಸಮಸ್ಯೆ ಅದಲ್ಲ. ತಕರಾರು ಹಾಕಿದ ಹತ್ತೊಂಬತ್ತನೇ ದಿನ ಆಕೆಯ ಮೊಮ್ಮಗಳು ದುರ್ಗಾಳ ಕುಬಸವಿತ್ತು. ದುರ್ಗಾ ಮತ್ತು ನಾನು ಒಂದೇ ಶಾಲೆಯವರು. ಮುಂಡರಗಿಗೆ ಕೊಟ್ಟಿದ್ದಾರೆ. ಎರಡು ಸಲ ಹೊಟ್ಟೆ ನಿಲ್ಲದೆ ಹೋಗಿ ಈ ಸಲ ಏಳು ತಿಂಗಳು ತುಂಬಿತ್ತು. ಓಣಿಯ ಯಾರ್‍ಯಾರ ಕುಬಸಕ್ಕೋ ಹಾಡಿದ ಅಜ್ಜಿ ತನ್ನ ಕುಬಸಕ್ಕೆ ಹಾಡುವುದಿಲ್ಲ ಎಂದು ಕೇಳಿ ಅವಳು ಫೋನಿನಲ್ಲಿ ಅತ್ತಳು. ಆ ಹಾಡಿಲ್ಲದೆ ಕೂಡಲು ಹೆದರಿಕೆ ಆಗುತ್ತದೆ ಎಂದಳು. ಅವಳ ಅಳು ಕೇಳಿ ನನಗೆ ಆ ವಿಡಿಯೋ ಯಾಕಾದರೂ ಹಾಕಿದೆನೋ ಅನ್ನಿಸಿತು. ದಿನಾ ಮೂರು ಹೊತ್ತು ಫೋನು ತೆರೆದು ನೋಡುತ್ತಿದ್ದೆ. ಅದೇ ಸಾಲು. ಉತ್ತರಕ್ಕೆ ಕಾಯಲಾಗುತ್ತಿದೆ. ಅವಸರ ಮಾಡುವ ಗುಂಡಿಯೊಂದೂ ಅಲ್ಲಿರಲಿಲ್ಲ.

ಕುಬಸದ ದಿನ ದುರ್ಗಾ ಹಸಿರು ಸೀರೆಯಲ್ಲಿ ಕೂತಳು. ಮುಂಡರಗಿಯಿಂದ ಅವಳ ಅತ್ತೆ ಬಂದು ಎದುರಿಗೇ ಕುಳಿತಿದ್ದರು. ಬಳೆಯಾಯಿತು, ಉಡಿ ತುಂಬಿದ್ದಾಯಿತು. ಎಲ್ಲರ ಕಣ್ಣೂ ಶಂಕ್ರೆವ್ವನ ಮೇಲೆ. ಆಕೆ ಎಲೆ ಅಡಿಕೆ ಬಾಯಿಗೆ ತುರುಕಿಕೊಂಡು ಗೋಡೆ ನೋಡುತ್ತ ಕೂತಳು. ದುರ್ಗಾ ತಲೆ ತಗ್ಗಿಸಿ ಹೊಸ ಬಳೆಗಳನ್ನು ತಿರುವತೊಡಗಿದಳು.

ಆಗ ನನ್ನ ಅಮ್ಮಿ ಗಂಟಲು ಸರಿಮಾಡಿಕೊಂಡಳು.

“ಅಕ್ಕಾ, ತಕರಾರು ಇರೋದು ನಿನ್ನ ಮ್ಯಾಲೆ, ನನ್ನ ಮ್ಯಾಲೆ ಅಲ್ಲ. ನಾ ಹಾಡ್ತೀನಿ ತಡಿ.”

ಅಮ್ಮಿಯ ಕಂಠ ನನಗೆ ಗೊತ್ತು. ನನ್ನನ್ನು ಮಲಗಿಸಲು ಹಾಡಿದಾಗೆಲ್ಲ ನಾನು ಎಚ್ಚರಾಗುತ್ತಿದ್ದೆನಂತೆ. ಆದರೂ ಶುರು ಮಾಡಿಯೇಬಿಟ್ಟಳು.

“ಹುಣಸಿಯ ಕಾಯಿ ಬೇಡ್ಯಾಳ ಬಸುರಿ, ಬಿಸಿಲಾಗ ನಡದಾಳ ಅತ್ತಿ... ಬರಿಗಾಲಲೆ ತಂದಾಳ ಅತ್ತಿ...”

ಮುಂಡರಗಿಯ ಅತ್ತೆಯ ಮುಖ ಅರಳಿತು. ತಲೆಯನ್ನೂ ತೂಗಿದರು. ಶಂಕ್ರೆವ್ವ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಲ್ಲೇ ಬೊಗಸೆಗೆ ಉಗುಳಿದಳು.

“ಏ ಹಾಜಿರಾ! ಯಾವ ಅತ್ತಿ ಯಾವ ಕಾಲದಾಗ ತಂದಾಳ ಹುಣಸಿಕಾಯಿ? ಅತ್ತಿ ಕಟ್ಟಿ ಮ್ಯಾಲೆ ಕುಂತಿದ್ಲು! ತಂದಾಕಿ ಹಡದವ್ವ! ನಮ್ಮವ್ವ ಕಲಿಸಿದ್ದು ಹಂಗೈತಿ!”

“ನನಗ ಹಿಂಗ ನೆನಪೈತಿ ಅಕ್ಕಾ,” ಎಂದು ಅಮ್ಮಿ ಮತ್ತೆ ಬಾಯಿ ತೆರೆದಳು.

“ಮುಚ್ಚು! ಕೇಳು ಇಲ್ಲಿ!”

ಹಾಡಿದಳು. ಒಂದು ಸಾಲು ತಿದ್ದಲು ಹೋದವಳು ನಿಲ್ಲಲಾಗದೆ ಇಡೀ ಹಾಡು ಹಾಡಿದಳು. ಹತ್ತೊಂಬತ್ತು ದಿನ ಅದುಮಿಟ್ಟದ್ದೆಲ್ಲ ಒಮ್ಮೆಲೇ ಬಂತು. ಹಡೆದವ್ವ ಬರಿಗಾಲಲ್ಲಿ ಬರುವ ಕಡೆ ಧ್ವನಿ ಒಡೆಯಿತು. ದುರ್ಗಾ ಹೊಟ್ಟೆಯ ಮೇಲೆ ಕೈಯಿಟ್ಟು ಅಳುತ್ತ ನಕ್ಕಳು. ಅಮ್ಮಿ ನನ್ನ ಕಡೆ ನೋಡಿ ಒಂದು ಹುಬ್ಬು ಏರಿಸಿದಳು. ಮೂವತ್ತು ವರ್ಷ ಗೋಡೆಯಾಚೆಯಿಂದ ಕೇಳಿದ ಹಾಡನ್ನು ಆಕೆ ಮರೆಯುವುದುಂಟೇ? ಅಮ್ಮಿಯ ಮೇಲೆ ಅಂದಿನಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ಮೂವತ್ತು ದಿನ ಕಳೆದವು. ಕಂಪನಿಯವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಗಡುವು ತೀರಿ ಕ್ಲೇಮು ಬಿದ್ದುಹೋಯಿತು, ಆ ಸಾಲು ಅಳಿಸಿಹೋಯಿತು. ನಾನು ಪೇಢೆಯ ಪೊಟ್ಟಣ ಹಿಡಿದು ಓಡಿದೆ.

“ಗೆದ್ದಿ ಆಯಿ!”

“ಏನಂದ್ರು ಅವರು?”

“ಏನೂ ಅನ್ನಲಿಲ್ಲ. ಉತ್ತರನ ಕೊಡಲಿಲ್ಲ. ಅದಕ್ಕ ಗೆದ್ದಿ.”

ಆಕೆ ಪೇಢೆ ಮುಟ್ಟಲಿಲ್ಲ. ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದಳು. ಆಕೆ ಕಾಯುತ್ತಿದ್ದದ್ದು ಗೆಲುವಿಗಲ್ಲ, ಉತ್ತರಕ್ಕೆ ಎಂಬುದು ನನಗೆ ಆಗ ಹೊಳೆಯಿತು.

“ಅಂದ್ರ ನಾವು ಬರದದ್ದನ್ನ ಯಾರೂ ಓದಲೇ ಇಲ್ಲ?”

“ಗೊತ್ತಿಲ್ಲ ಆಯಿ.”

“ನೀ ಮೊದಲ ಬರದಿದ್ದಿ ಅಲ್ಲ, ಆ ಹಾಳಿ ಐತಿ?”

ಫೋನಿನ ಕವರಿನೊಳಗೇ ಮಡಚಿ ಇಟ್ಟಿದ್ದೆ. ತೆಗೆದೆ.

“ಓದು. ಯಾರರ ಒಬ್ರು ಓದಬೇಕಲ್ಲ.”

ನಾನು ಓದಿದೆ. “ಈ ಹಾಡು ನನ್ನ ತಾಯಿ ಮುದುಕವ್ವನಿಂದ ಬಂದದ್ದು. ಆಕೆಗೆ ಆಕೆಯ ತಾಯಿಯಿಂದ. ನನ್ನ ಮೊದಲ ಬಸುರಿನಲ್ಲಿ ಆಕೆ ಯಳವತ್ತಿಯಿಂದ ಲಕ್ಷ್ಮೇಶ್ವರಕ್ಕೆ ಬರಿಗಾಲಲ್ಲಿ ಹುಣಸೆಕಾಯಿ ತಂದಿದ್ದಳು.”

ಶಂಕ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಪೇಢೆ ಎತ್ತಿಕೊಂಡಳು.

“ಇನ್ನೊಮ್ಮೆ ಓದು,” ಅಂದಳು.