ಎಲ್ಲಿಗೆ ಮೇಡಂ ಮತ್ತು ಏಳು ದಿನದ ಹಾಳೆ

ಗಣಿತದ ಮೇಡಂಗೆ ಮಕ್ಕಳು ಇಟ್ಟ ಹೆಸರು ‘ಎಲ್ಲಿಗೆ ಮೇಡಂ’. ಇಪ್ಪತ್ತೆಂಟು ವರ್ಷದಿಂದ ಬೋರ್ಡಿನ ಮೇಲೆ ಯಾವ ಲಿಮಿಟ್ ಲೆಕ್ಕ ಬರೆದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಎಕ್ಸ್ ಎಲ್ಲಿಗೆ ಹೋಗ್ತಿದೆ?” ಸೊನ್ನೆಗೋ, ಮೂರಕ್ಕೋ, ಅನಂತಕ್ಕೋ ಎಂದು ಹೇಳದೆ ಪೆನ್ನು ಎತ್ತಿದವರ ಕಥೆ ಮುಗಿದಂತೆಯೇ. ಮನೆಯಲ್ಲಿ ಜೊತೆಗಿದ್ದ ಅಕ್ಕ ಇದನ್ನೇ ಹಿಡಿದು ಕಿಚಾಯಿಸುತ್ತಿದ್ದಳು. “ಇಷ್ಟು ವರ್ಷ ಆಯ್ತಲ್ಲೇ, ನಿನ್ನ ಎಕ್ಸ್ ಇನ್ನೂ ಊರು ತಲುಪಲಿಲ್ವಾ?”

“ತಲುಪಬೇಕಂತಿಲ್ಲ ಅಕ್ಕಾ, ಹತ್ತಿರ ಹತ್ತಿರ ಹೋದ್ರೆ ಸಾಕು,” ಎಂದು ಮೇಡಂ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು.

ಆ ಮಂಡಿಗಳ ಮಾತು ಬೇಡ. ಎರಡು ಮಹಡಿ ಹತ್ತಿ ತರಗತಿ ಸೇರುವಷ್ಟರಲ್ಲಿ ಹೈರಾಣಾಗುತ್ತಿದ್ದರು. ಐವತ್ತೇಳು ವಯಸ್ಸು, ಸೀಮೆಸುಣ್ಣದ ಧೂಳಿಗೆ ಕಟ್ಟಿದ ಗಂಟಲು, ಯಾವ ಭಾನುವಾರವೂ ಪೂರ್ತಿ ತಮ್ಮದಲ್ಲವೆಂಬ ಬೇಸರ. ಆದರೂ ಪರೀಕ್ಷೆಗೆ ಒಂದು ವಾರವಿದ್ದಾಗ ತಪ್ಪದೆ ಏಳು ದಿನದ ಹಾಳೆ ಹಂಚುತ್ತಿದ್ದರು. ಅದರ ಒಂದು ಮಗ್ಗುಲಲ್ಲಿ ಲೆಕ್ಕ, ಹಿಂದೆ ಉತ್ತರ. ಮಕ್ಕಳು ಪುಸ್ತಕ ಮರೆತು ಬಂದರೂ ಆ ಹಾಳೆ ಮರೆಯುತ್ತಿರಲಿಲ್ಲ.

ಈ ವರ್ಷ ಆ ಹಾಳೆಯ ಮೇಲೆ ಒಬ್ಬ ಹುಡುಗಿಯ ಬದುಕೇ ನಿಂತಿತ್ತು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ರಬ್ಬರ್’ ಎಂದು. ಬುದ್ಧಿಗೆ ಬರವಿರಲಿಲ್ಲ, ತನ್ನ ಮೇಲಿನ ನಂಬಿಕೆಗಿತ್ತು. ಪೆನ್ಸಿಲಿನಲ್ಲಿ ಸರಿಯುತ್ತರ ಬರೆಯುವಳು, ಪಕ್ಕದವಳದ್ದು ಬೇರೆ ಕಂಡರೆ ಸಾಕು, ತನ್ನದನ್ನು ಕಾಗದ ಹರಿಯುವ ಹಾಗೆ ಉಜ್ಜಿಬಿಡುವಳು. ಹೀಗೆಯೇ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಹೋದರೆ ವಿಜ್ಞಾನ ವಿಭಾಗದಿಂದ ಹೆಸರು ತೆಗೆಯುವುದು ಶಾಲೆಯ ನಿಯಮ. ಭೂಮಿ ಅಳೆಯುವ ಸರ್ವೆ ಡಿಪ್ಲೊಮಾ ಸೇರಬೇಕೆಂಬುದು ಅವಳ ಆಸೆ, ಗಣಿತ ಪಾಸಾಗದೆ ಅಲ್ಲಿ ಬಾಗಿಲೇ ತೆರೆಯುತ್ತಿರಲಿಲ್ಲ.

ಸೋಮವಾರ ನೇರವಾಗಿ ಬೆಲೆ ಹಾಕುವ ಲೆಕ್ಕ, ಜೊತೆಗೆ ಎಡದಿಂದ ಒಮ್ಮೆ ಬಲದಿಂದ ಒಮ್ಮೆ ನೋಡುವುದು. ಮಾಡ್ ಎಕ್ಸ್ ಬೈ ಎಕ್ಸ್ ಸೊನ್ನೆಯ ಬಲಕ್ಕೆ ಒಂದು, ಎಡಕ್ಕೆ ಮೈನಸ್ ಒಂದು. “ಇಬ್ರು ಎರಡು ಮಾತಾಡಿದ್ರೆ ಲಿಮಿಟ್ ಇಲ್ಲ ಅಂತ ಬರೀರಿ, ಪಂಚಾಯ್ತಿ ಮಾಡ್ಬೇಡಿ,” ಎಂದರು ಮೇಡಂ. ಮಂಗಳವಾರ ಸೊನ್ನೆ ಬೈ ಸೊನ್ನೆ ಬಂದಾಗ ಅಪವರ್ತನ ಮಾಡಿ ಹೊಡೆದುಹಾಕುವುದು. ಎಕ್ಸ್ ಸ್ಕ್ವೇರ್ ಮೈನಸ್ ಒಂಬತ್ತನ್ನು ಎಕ್ಸ್ ಮೈನಸ್ ಮೂರರಿಂದ ಭಾಗಿಸಿ, ಎಕ್ಸನ್ನು ಮೂರಕ್ಕೆ ಕಳಿಸಿದರೆ ಆರು. ಬುಧವಾರ ವರ್ಗಮೂಲ ಇದ್ದಲ್ಲಿ ಚಿಹ್ನೆ ಬದಲಿಸಿ ಮೇಲೆ ಕೆಳಗೆ ಗುಣಿಸುವುದು.

ಗುರುವಾರ ತ್ರಿಕೋನಮಿತಿ. ಎಕ್ಸ್ ಸೊನ್ನೆಗೆ ಹೋದಾಗ ಸೈನ್ ಎಕ್ಸ್ ಬೈ ಎಕ್ಸ್ ಒಂದು. “ಕೋನ ರೇಡಿಯನ್‌ನಲ್ಲಿರ್ಬೇಕು, ನೆನಪಿರ್ಲಿ.” ಶುಕ್ರವಾರ ಇ ಮತ್ತು ಲಾಗ್. ಶನಿವಾರ ಅನಂತದ ಲೆಕ್ಕ: ಅತಿ ದೊಡ್ಡ ಘಾತದಿಂದ ಭಾಗಿಸುವುದು, ಎರಡು ಕಡೆಯಿಂದ ಅದುಮಿ ನಡುವಿನದನ್ನು ಹಿಡಿಯುವುದು. ಭಾನುವಾರ ಎಲ್ಲ ಬೆರೆಸಿದ ಕಿರುಪರೀಕ್ಷೆ. ಮೇಲೆ ಕೆಳಗೆ ಅವಕಲನ ಮಾಡುವ ಉಪಾಯವೂ ಅಂದೇ, ಅದೂ ಸೊನ್ನೆ ಬೈ ಸೊನ್ನೆ ಇಲ್ಲವೇ ಅನಂತ ಬೈ ಅನಂತ ಬಂದಾಗ ಮಾತ್ರ ಎಂದು ಕೆಳಗೆ ಎರಡು ಗೆರೆ ಎಳೆದಿದ್ದರು.

ಭಾನುವಾರ ಕಿರುಪರೀಕ್ಷೆ ಮುಗಿಸಿದ ಮಕ್ಕಳು ಅಂಕಕ್ಕಾಗಿ ಕಾಯುತ್ತಿರಲು, ಮೇಡಂ ತರಗತಿಯಲ್ಲೇ ಕೂತು ಉತ್ತರ ತಿದ್ದುತ್ತಿದ್ದಾಗ ರಬ್ಬರ್ ಹುಡುಗಿಯ ಹಾಳೆಯಲ್ಲಿ ಒಂದು ಕಡೆ ಬೆಳಕು ತೂರಿತು. ಅಷ್ಟು ಉಜ್ಜಿದ್ದಳು. ಎಕ್ಸ್ ಅನಂತಕ್ಕೆ ಹೋದಾಗ ಸೈನ್ ಎಕ್ಸ್ ಬೈ ಎಕ್ಸ್ ಎಷ್ಟು ಎಂಬ ಪ್ರಶ್ನೆ. ಕೆಳಗೆ ಮಸುಕಾಗಿ ಸೊನ್ನೆ, ಅದರ ಮೇಲೆ ಒತ್ತಿ ಬರೆದ ಒಂದು. ಮೇಡಂಗೆ ರೇಗಿಹೋಯಿತು.

“ಇಲ್ಲಿ ಬಾ. ಸರಿ ಬರ್ದಿದ್ಯಲ್ಲೇ, ಯಾಕೆ ಅಳಿಸ್ದೆ? ಎಕ್ಸ್ ಎಲ್ಲಿಗೆ ಹೋಗ್ತಿದೆ?”

“ಅನಂತಕ್ಕೆ ಮೇಡಂ. ಸೈನು ಒಂದು, ಮೈನಸ್ ಒಂದರ ಮಧ್ಯನೇ ಒದ್ದಾಡುತ್ತೆ. ಕೆಳಗಿನ ಎಕ್ಸು ಬೆಳೀತಾ ಹೋಗುತ್ತೆ. ಮೈನಸ್ ಒಂದು ಬೈ ಎಕ್ಸ್, ಒಂದು ಬೈ ಎಕ್ಸ್, ಎರಡೂ ಸೊನ್ನೆಗೆ ಬಂದು ಅದುಮುತ್ತೆ. ಅದಕ್ಕೆ ಸೊನ್ನೆ ಅಂತ ಬರ್ದಿದ್ದೆ.”

“ಮತ್ತೆ?”

ಹುಡುಗಿ ತಲೆ ತಗ್ಗಿಸಿದಳು. “ನಿಮ್ಮ ಹಾಳೇಲಿ ಒಂದು ಅಂತಿದೆ ಮೇಡಂ. ಶನಿವಾರದ್ದು, ಏಳನೇ ಲೆಕ್ಕ. ನನ್ನದೇ ತಪ್ಪು ಅನ್ಕೊಂಡೆ.”

ಮೇಡಂ ಹಾಳೆ ತಿರುಗಿಸಿ ನೋಡಿದರು. ಹೌದು, ಒಂದು ಎಂದೇ ಇತ್ತು. ಗುರುವಾರದ ಸಾಲನ್ನು ಹಾಗೇ ನಕಲು ಮಾಡಿ, ಸೊನ್ನೆಯ ಜಾಗದಲ್ಲಿ ಅನಂತ ಕೂರಿಸಿ, ಉತ್ತರ ಬದಲಿಸಲು ಮರೆತಿದ್ದರು. ಎಲ್ಲಿಗೆ ಎಂದು ಊರನ್ನೆಲ್ಲ ಕೇಳುವವರು ತಾವೇ ಕೇಳಿಕೊಂಡಿರಲಿಲ್ಲ.

ಸ್ಟಾಫ್ ರೂಮಿನ ಕಪಾಟಿನಲ್ಲಿ ಹಳೆಯ ಹಾಳೆಗಳ ಕಟ್ಟೊಂದಿತ್ತು, ಹೋಗಿ ಬಿಚ್ಚಿದರು. ಹೋದ ವರ್ಷದ್ದರಲ್ಲಿ ಒಂದು. ಅದರ ಹಿಂದಿನ ವರ್ಷದ್ದರಲ್ಲೂ ಒಂದು. ನೋಡುತ್ತ ನೋಡುತ್ತ ಹನ್ನೊಂದು ವರ್ಷ ಹಿಂದೆ ಹೋದರು. ಗಂಡ ಆಸ್ಪತ್ರೆಯಲ್ಲಿದ್ದ ವರ್ಷ ಅದು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ಕಣ್ಣು ಎಳೆಯುತ್ತಿದ್ದರೂ ಹಾಳೆಯನ್ನು ಹೊಸದಾಗಿ ಬರೆದದ್ದು ನೆನಪಾಯಿತು. ಗಂಡ ಉಳಿಯಲಿಲ್ಲ, ಆ ಸಾಲು ಉಳಿಯಿತು. ತಿಳಿದ ಮಕ್ಕಳು ಅಚ್ಚಿನ ತಪ್ಪೆಂದು ದಾಟಿರಬೇಕು. ತಿಳಿಯದವರು ಬಾಯಿಪಾಠ ಮಾಡಿರಬೇಕು.

ಸುಮ್ಮನೆ ಒಂದು ಸಾಲು ತಿದ್ದಿ ಬಿಡಬಹುದಿತ್ತು. ಮೈಯಲ್ಲಿ ಅಷ್ಟೇ ಶಕ್ತಿ ಇತ್ತು ಕೂಡ. ಆದರೆ ಮೇಡಂ ತರಗತಿಗೆ ಮರಳಿ, ಹೊರಡುತ್ತಿದ್ದ ಮಕ್ಕಳನ್ನೆಲ್ಲ ಮತ್ತೆ ಕೂರಿಸಿದರು, ಬೋರ್ಡಿನ ಮೇಲೆ ಆ ಲೆಕ್ಕ ಬರೆದರು. “ಹಾಳೇಲಿರೋ ಉತ್ತರ ತಪ್ಪು. ತಪ್ಪು ನಂದು, ಹನ್ನೊಂದು ವರ್ಷದಿಂದ. ಕಂಡುಹಿಡಿದೋಳು ಇವಳು. ಸೊನ್ನೆ ಯಾಕೆ ಅಂತ ಅವಳೇ ಹೇಳ್ತಾಳೆ.” ಹುಡುಗಿ ಸೀಮೆಸುಣ್ಣ ಹಿಡಿದು ಪೂರ್ತಿ ಬರೆದಳು. ಯಾರೂ ನಗಲಿಲ್ಲ.

ಮರುದಿನ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಮೇಡಂ ಹುಡುಗಿಯ ಮುಂದೆ ಕೈ ಚಾಚಿದರು. “ರಬ್ಬರ್ ಕೊಡು.”

“ಬರೆಯೋವಾಗ ಬೇಕಾಗುತ್ತೆ ಮೇಡಂ.”

“ಬೇಕಾಗಲ್ಲ. ಪೆನ್ನಲ್ಲಿ ಬರಿ. ತಪ್ಪಾದ್ರೆ ಒಂದು ಗೆರೆ ಎಳಿ, ಹರೀಬೇಡ.”

ಫಲಿತಾಂಶ ಬಂದ ದಿನ ಹುಡುಗಿ ಮೆಟ್ಟಿಲು ಹಾರಿಕೊಂಡು ಬಂದಳು. ಮೂವತ್ತೈದಕ್ಕೆ ಪಾಸು, ಅವಳಿಗೆ ಮೂವತ್ತಾರು. ಅದುಮುವ ಲೆಕ್ಕ ಎರಡು ಅಂಕಕ್ಕೆ ಬಂದಿತ್ತು. “ಮುಂದಿನೋಳು ಒಂದು ಅಂತ ಬರ್ದಿದ್ದು ಕಣ್ಣಿಗೆ ಬಿತ್ತು ಮೇಡಂ. ಕೈ ಜೇಬಿಗೆ ಹೋಯ್ತು. ರಬ್ಬರ್ ಇರ್ಲಿಲ್ಲ. ಸೊನ್ನೆ ಹಾಗೇ ಉಳೀತು.”

ಮೇಡಂ ಆಗ ಮುಂದಿನ ವರ್ಷದ ಹಾಳೆಯನ್ನು ಪೆನ್ಸಿಲಿನಲ್ಲಿ ಹೊಸದಾಗಿ ಬರೆಯುತ್ತಿದ್ದರು. ಒಂದೊಂದು ಸಾಲಿಗೂ ಎಲ್ಲಿಗೆ, ಎಲ್ಲಿಗೆ ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳುತ್ತ. ಚೀಲದಿಂದ ರಬ್ಬರ್ ತೆಗೆದು ಮುಂದೆ ಹಿಡಿದರು. “ತಗೋ, ನಿಂದು.”

“ಇರ್ಲಿ ಮೇಡಂ. ಈಗ ನಿಮಗೇ ಬೇಕು.”

ಮೇಡಂ ಜೋರಾಗಿ ನಕ್ಕರು. ನಗುತ್ತಿದ್ದಂತೆಯೇ ಕಣ್ಣು ತುಂಬಿತು. ಆ ತಪ್ಪು ಉತ್ತರ ನಂಬಿ ಒಂದೇ ಅಂಕದಲ್ಲಿ ಫೇಲಾದ ಮಕ್ಕಳು ಆ ಹನ್ನೊಂದು ವರ್ಷದಲ್ಲಿ ಎಷ್ಟು ಜನರೋ, ಅವರೆಲ್ಲ ಎಲ್ಲಿಗೆ ಹೋದರೋ, ಅದು ಮಾತ್ರ ಮೇಡಂಗೆ ಗೊತ್ತಿರಲಿಲ್ಲ.